ದಿಂಡಿನ ನಾರು, ಜ್ಯೂಸರಿನ ಗಂಟಲು

ಅಂಗಡಿಯಲ್ಲಿ ಸ್ಲೋ ಜ್ಯೂಸರ್ ಮಾರುವವರು ಕ್ಯಾರೆಟ್ಟನ್ನೋ ಸೇಬನ್ನೋ ಹಾಕಿ ರಸ ತೆಗೆದು ತೋರಿಸುತ್ತಾರೆ. ಬಾಳೆದಿಂಡು ಹಾಕಿ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಮೂತ್ರಕೋಶದ ಕಲ್ಲಿಗೆ ಒಳ್ಳೆಯದೆಂದು ಬೆಳಗಾದರೆ ದಿಂಡಿನ ರಸ ಕುಡಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಲ್ಲು ಕರಗುತ್ತದೋ ಇಲ್ಲವೋ ವೈದ್ಯರು ಹೇಳಲಿ. ಆದರೆ ಈ ಯಂತ್ರದ ತಾಳ್ಮೆಯನ್ನು ದಿಂಡಿನಷ್ಟು ಪರೀಕ್ಷಿಸುವ ತರಕಾರಿ ಕಡಿಮೆ.

ಮಿಕ್ಸಿಯ ಹಾಗೆ ಇದರಲ್ಲಿ ಬ್ಲೇಡ್ ಇರುವುದಿಲ್ಲ. ದಪ್ಪ ತಿರುಪಿನಂಥ ಒಂದು ಸ್ಕ್ರೂ ಜಾಲರಿಯ ಬುಟ್ಟಿಯೊಳಗೆ ನಿಮಿಷಕ್ಕೆ ಸುಮಾರು 40ರಿಂದ 60 ಸುತ್ತು ತಿರುಗುತ್ತಾ ತರಕಾರಿಯನ್ನು ಒತ್ತಿ ಕೆಳಕ್ಕೆ ತಳ್ಳುತ್ತದೆ. ರಸ ಜಾಲರಿಯಿಂದ ಇಳಿಯುತ್ತದೆ, ಹಿಪ್ಪೆ ಬುಡದಲ್ಲಿರುವ ಇಕ್ಕಟ್ಟಾದ ಬಾಯಿಯಿಂದ ಹೊರಬೀಳುತ್ತದೆ. ಆ ಬಾಯಿಯನ್ನು ಬೇಕೆಂದೇ ಇಕ್ಕಟ್ಟಾಗಿ ಮಾಡಿರುತ್ತಾರೆ. ಹಿಪ್ಪೆ ಸಲೀಸಾಗಿ ಹೊರಬಿದ್ದರೆ ಒತ್ತಡ ಏರುವುದಿಲ್ಲ, ರಸವೂ ಪೂರ್ತಿ ಇಳಿಯುವುದಿಲ್ಲ.

ಕ್ಯಾರೆಟ್ಟಿನ ಹಿಪ್ಪೆ ಪುಡಿಪುಡಿಯಾಗಿ ಈ ದಾರಿಯಲ್ಲಿ ಹೊರಟುಹೋಗುತ್ತದೆ. ದಿಂಡಿನ ನಾರು ಪುಡಿಯಾಗುವುದಿಲ್ಲ. ಉದ್ದನೆಯ ಎಳೆಗಳು ಸ್ಕ್ರೂವಿಗೆ ಸುತ್ತಿಕೊಂಡು, ಬುಡದ ಬಾಯಿಗೆ ಬರುವಷ್ಟರಲ್ಲಿ ಒಂದಕ್ಕೊಂದು ಹೆಣೆದು ಬಿರಡೆಯಾಗುತ್ತವೆ. ಮೊದಲ ಸೂಚನೆ ಶಬ್ದವಲ್ಲ, ಹಿಪ್ಪೆಯೇ. ಒಣಗಿ ಉದುರುತ್ತಿದ್ದದ್ದು ಒದ್ದೆಯಾಗುತ್ತದೆ, ಆಮೇಲೆ ಬರುವುದೇ ನಿಲ್ಲುತ್ತದೆ. ಹೊರದಾರಿ ಇಲ್ಲದ ಹಿಪ್ಪೆ ಜಾಲರಿಯೊಳಗೆ ನುಗ್ಗುವುದರಿಂದ ರಸ ಗಟ್ಟಿಯಾಗಿ ನೊರೆನೊರೆಯಾಗಿ ಬೀಳುತ್ತದೆ. ಮುಚ್ಚಳ ಬಿಗಿದುಕೊಂಡು ತಿರುಗಿಸಲು ಬಾರದಂತಾಗುತ್ತದೆ. ಸ್ಕ್ರೂ ತಿರುಗಲಾರದೆ ತಿಣುಕುವಾಗ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಒಳಗಿನ ಸುರಕ್ಷತಾ ಸ್ವಿಚ್ ಅದನ್ನು ಆರಿಸುತ್ತದೆ.

ಬಹಳ ಮಂದಿ ಮೋಟಾರು ಸುಟ್ಟುಹೋಯಿತೆಂದು ರಿಪೇರಿಗೆ ಹೊರಡುವುದು ಈ ಘಟ್ಟದಲ್ಲಿ. ಪ್ಲಗ್ ತೆಗೆದು ಅರ್ಧ ಗಂಟೆ ತಣಿಯಲು ಬಿಟ್ಟರೆ ಹೆಚ್ಚಿನವು ಮತ್ತೆ ತಿರುಗುತ್ತವೆ. ಸುಟ್ಟ ವಾಸನೆಯೋ ಹೊಗೆಯೋ ಬಂದಿದ್ದರೆ ಮಾತು ಬೇರೆ, ಆಗ ರಿಪೇರಿಯೇ ಸರಿ. ತಣಿದ ಮೇಲೆ ರಿವರ್ಸ್ ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿ, ಸ್ಕ್ರೂ ಪೂರ್ತಿ ನಿಂತ ಮೇಲೆ ಮುಂದಕ್ಕೆ ಓಡಿಸಬೇಕು. ಎರಡು ಮೂರು ಸಲಕ್ಕೂ ಬಿಡದಿದ್ದರೆ ಬಲವಂತ ಬೇಡ, ಬಿಚ್ಚಿ ತೊಳೆಯುವುದೇ ದಾರಿ. ತೊಳೆಯುವಾಗ ಪಾತ್ರೆಯ ತಳದಲ್ಲಿರುವ ಸಿಲಿಕಾನ್ ಮುಚ್ಚಳವನ್ನೂ ಎತ್ತಿ ನೋಡಬೇಕು. ನೆನ್ನೆಯ ಹಿಪ್ಪೆ ಒಣಗಿ ಕೂತಿರುವುದು ಸಾಮಾನ್ಯವಾಗಿ ಅಲ್ಲೇ.

ಕಟ್ಟದಂತೆ ಮಾಡುವ ಉಪಾಯ ಜ್ಯೂಸರಿಗಿಂತ ಹಳೆಯದು. ದಿಂಡಿನ ಪಲ್ಯ ಮಾಡುವವರು ಬಿಲ್ಲೆ ಹೆಚ್ಚುವಾಗ ಪ್ರತಿ ಬಿಲ್ಲೆಗೂ ಹೊರಬರುವ ನಾರನ್ನು ತೋರುಬೆರಳಿಗೆ ಸುತ್ತಿ ಎಳೆದು ತೆಗೆಯುತ್ತಾರೆ. ಜ್ಯೂಸರಿಗೂ ಬೇಕಾದದ್ದು ಅದೇ. ಈ ನಾರು ನೀರಿನ ನಾಳಗಳೊಳಗೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಚಾಕು ಬಿದ್ದಾಗ ತುಂಡಾಗುವ ಬದಲು ಬಿಚ್ಚಿಕೊಂಡು ಉದ್ದವಾಗುತ್ತದೆ. ಆದ್ದರಿಂದ ಸಣ್ಣಗೆ ಹೆಚ್ಚಿದರೆ ಸಾಲದು, ಸುತ್ತಿ ತೆಗೆಯಲೇಬೇಕು. ಆಮೇಲೆ ಬಿಲ್ಲೆಗಳನ್ನು ಕಾಲಂಗುಲ ಹೋಳುಗಳಾಗಿಸಿ, ಒಂದು ಹಿಡಿ ದಿಂಡಿಗೆ ಒಂದು ಹಿಡಿ ಸೌತೆಕಾಯಿ ಸೇರಿಸುತ್ತಾ ನಿಧಾನವಾಗಿ ಹಾಕಬೇಕು. ಸೌತೆಯ ನೀರು ನಾರನ್ನು ಬುಡದ ಬಾಯಿಯಿಂದ ತೊಳೆದುಕೊಂಡು ಹೋಗುತ್ತದೆ. ಶುಂಠಿಯ ನಾರು ಹೀಗೆ ಹಟ ಮಾಡುವುದಿಲ್ಲ, ಅಡ್ಡಕ್ಕೆ ತೆಳುವಾಗಿ ಹೆಚ್ಚಿದರೆ ಸಾಕು. ಕಬ್ಬನ್ನಂತೂ ಹಾಕಲೇಬಾರದು, ಅದಕ್ಕೆ ಗಾಣವೇ ಸರಿ.

ಇಷ್ಟೆಲ್ಲ ಮಾಡಿದರೂ, ಬರಿಯ ಸೌತೆಕಾಯಿಗೇ ಹಿಪ್ಪೆ ಒದ್ದೆಯಾಗಿ ಬೀಳುತ್ತಿದ್ದರೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೂತುಗಳು ಮಸುಕಾಗಿ ಬಿಳಿಯ ಪದರ ಕಂಡರೆ ಅದು ಗಡಸು ನೀರಿನ ಸುಣ್ಣ, ಬೋರ್‌ವೆಲ್ ನೀರಿನ ಊರುಗಳಲ್ಲಿ ಮಾಮೂಲು. ಉಗುರುಬೆಚ್ಚಗಿನ ನೀರಿಗೆ ನಿಂಬೆರಸ ಹಿಂಡಿ ಅರ್ಧ ಗಂಟೆ ನೆನೆಹಾಕಿ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ, ಪಿನ್ನು ಚುಚ್ಚಿದರೆ ತೂತು ದೊಡ್ಡದಾಗುತ್ತದೆ.

ಸವೆದ ಜಾಲರಿಯ ಲಕ್ಷಣ ಬೇರೆ. ಬುಡದ ಅಂಚಿನಲ್ಲಿ ಕೂದಲೆಳೆಯ ಬಿರುಕು, ಒಂದು ಕಡೆ ಉಬ್ಬು, ಒಳಗೋಡೆಯ ಏಣುಗಳು ಕೈಗೆ ನುಣ್ಣಗೆ ಸಿಗುವುದು. ತರಕಾರಿಯನ್ನು ಹಿಡಿದು ಹಿಸುಕಲು ಈ ಏಣುಗಳೇ ಸ್ಕ್ರೂವಿಗೆ ಆಸರೆ. ಅವು ಹೋದರೆ ಹಿಪ್ಪೆ ಮುಂದಕ್ಕೆ ಸರಿಯದೆ ಸ್ಕ್ರೂವಿನ ಜೊತೆಗೇ ಗಿರಕಿ ಹೊಡೆಯುತ್ತದೆ. ಯಂತ್ರವನ್ನು ಖಾಲಿ ಓಡಿಸುವ ಅಭ್ಯಾಸವಿದ್ದರೆ ನೆನೆಸಿಕೊಡಲು ರಸವಿಲ್ಲದೆ ಈ ಸವೆತ ಬೇಗ ಬರುತ್ತದೆ. ಬಿರುಕು ಬಿಟ್ಟದ್ದನ್ನು ಅಂಟಿಸಿ ಬಳಸುವ ಉಳಿತಾಯ ಬೇಡ, ಮುರಿದ ಚೂರು ಲೋಟಕ್ಕೆ ಬಂದೀತು. ಹೊಸ ಜಾಲರಿ ಬಿಡಿಯಾಗಿ ಸಿಗುತ್ತದೆ. ಕೊಳ್ಳುವಾಗ ಯಂತ್ರದ ತಳದಲ್ಲಿರುವ ಮಾಡೆಲ್ ಸಂಖ್ಯೆ ಕೊಡಬೇಕು, ಒಂದೇ ಕಂಪನಿಯದಾದರೂ ಒಂದು ಮಾಡೆಲಿನದು ಇನ್ನೊಂದಕ್ಕೆ ಕೂರುವುದಿಲ್ಲ.