ಒಂದೇ ಅಂಕಿಅಂಶ, ಎರಡು ಶ್ರೇಯಾಂಕ

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಒಟ್ಟುಗೂಡಿಸಿ, ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತು. ಸಾಕ್ಷರತೆ ಶೇಕಡಾವಾರು, ಆದಾಯ ರೂಪಾಯಿಯಲ್ಲಿ. ಇವನ್ನು ಹಾಗೆಯೇ ಕೂಡಲು ಬರುವುದಿಲ್ಲ. ಸಮಿತಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಿತು. ಇದಲ್ಲದೆ ಹೆಚ್ಚು ಬಳಕೆಯಲ್ಲಿರುವ ದಾರಿಗಳು ಇನ್ನೆರಡು.

ಮೊದಲನೆಯದು ಕನಿಷ್ಠ–ಗರಿಷ್ಠ ವಿಧಾನ. ಅತಿ ಕಡಿಮೆ ಇರುವ ತಾಲ್ಲೂಕಿಗೆ 0, ಅತಿ ಹೆಚ್ಚಿನದಕ್ಕೆ 1, ಉಳಿದವು ನಡುವೆ. ಎರಡನೆಯದರಲ್ಲಿ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಅದನ್ನು ಪ್ರಮಾಣ ವಿಚಲನೆಯಿಂದ, ಅಂದರೆ ತಾಲ್ಲೂಕುಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆಯಿಂದ, ಭಾಗಿಸುತ್ತಾರೆ.

ಲೆಕ್ಕ ಹಾಕಿಯೇ ನೋಡೋಣ. ಸಾಕ್ಷರತೆ 50ರಿಂದ 90ರವರೆಗಿದೆ, ವಿಚಲನೆ 10 ಎಂದುಕೊಳ್ಳಿ. ತಲಾ ಆದಾಯ 80 ಸಾವಿರದಿಂದ ಶುರುವಾಗಿ ಬಹುತೇಕ ಕಡೆ ಒಂದೂವರೆ ಲಕ್ಷದೊಳಗೇ ಇದೆ. ಒಂದು ನಗರ ತಾಲ್ಲೂಕಿನಲ್ಲಿ ಮಾತ್ರ 6 ಲಕ್ಷದ 20 ಸಾವಿರ. ವಿಚಲನೆ 45 ಸಾವಿರ. ಈಗ ಸಾಕ್ಷರತೆಯಲ್ಲಿ ‘ಕ’ ತಾಲ್ಲೂಕು ‘ಗ’ಗಿಂತ 5 ಅಂಶ ಮುಂದಿದೆ, ಆದಾಯದಲ್ಲಿ ‘ಗ’ 35 ಸಾವಿರ ರೂಪಾಯಿ ಮುಂದಿದೆ.

ಕನಿಷ್ಠ–ಗರಿಷ್ಠದಲ್ಲಿ ‘ಕ’ಗೆ ಸಿಗುವ ಮುನ್ನಡೆ 5ನ್ನು 40ರಿಂದ ಭಾಗಿಸಿದರೆ 0.125. ‘ಗ’ಗೆ 35ನ್ನು 540ರಿಂದ ಭಾಗಿಸಿದರೆ ಬರೀ 0.065. ‘ಕ’ ಗೆದ್ದಿತು. ಎರಡನೆಯ ವಿಧಾನದಲ್ಲಿ ‘ಕ’ಗೆ 0.5, ‘ಗ’ಗೆ 0.78. ‘ಗ’ ಗೆದ್ದಿತು!

ಎರಡೂ ಸೂಚಕಗಳಿಗೆ ಸಮಾನ ತೂಕ ಎಂದು ಬರೆದುಕೊಂಡೇ ಹೊರಟಿದ್ದೆವು. ಆದರೆ ಯಾವುದರಿಂದ ಭಾಗಿಸುತ್ತೇವೋ ಅದೇ ಒಳಗಿನಿಂದ ತೂಕ ನಿರ್ಧರಿಸುತ್ತದೆ. ಆ ಒಂದು ನಗರ ಇಡೀ ಆದಾಯದ ಅಳತೆಗೋಲನ್ನೇ ಹಿಗ್ಗಿಸಿ, ಮಿಕ್ಕ ತಾಲ್ಲೂಕುಗಳನ್ನು ಸೊನ್ನೆಯ ಬಳಿ ಒತ್ತಿಬಿಟ್ಟಿತು. ಪ್ರಮಾಣ ವಿಚಲನೆ ಇದಕ್ಕೆ ಪೂರ್ತಿ ಮದ್ದೆಂದು ನಂಬುವವರಿದ್ದಾರೆ, ಹಾಗೇನಿಲ್ಲ. ವಿಚಲನೆಯನ್ನೂ ಆ ನಗರ ಉಬ್ಬಿಸುತ್ತದೆ, ಪ್ರಮಾಣ ಕಡಿಮೆ ಅಷ್ಟೆ.

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಕನಿಷ್ಠ–ಗರಿಷ್ಠವನ್ನೇ ಉಳಿಸಿಕೊಂಡು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. ಆದಾಯಕ್ಕೆ ಲಾಗರಿದಮ್ ತೆಗೆದುಕೊಳ್ಳುತ್ತದೆ, ಹಾಗಾಗಿ ಸಿರಿವಂತ ದೇಶಗಳ ಎಳೆತ ತಗ್ಗುತ್ತದೆ. ಆ ವರ್ಷ ಕಂಡ ಕನಿಷ್ಠ–ಗರಿಷ್ಠಗಳನ್ನು ಬಿಟ್ಟು 1994ರಲ್ಲಿ ಮೊದಲೇ ಗೊತ್ತುಪಡಿಸಿದ ಮಿತಿಗಳನ್ನು ಅಳವಡಿಸಿಕೊಂಡಿತು. ಆಯುರ್ಮಾನಕ್ಕೆ ಈಗ 20ರಿಂದ 85 ವರ್ಷ. ಮಿತಿ ವರ್ಷವರ್ಷಕ್ಕೂ ಕದಲಿದರೆ, ತನ್ನಲ್ಲಿ ಏನೂ ಬದಲಾಗದ ದೇಶದ ಅಂಕವೂ ಕುಸಿಯಬಹುದು. 2010ರಿಂದ ಮೂರು ಆಯಾಮಗಳನ್ನು ಗುಣಿಸಿ ಘನಮೂಲ ತೆಗೆಯುತ್ತಾರೆ. ಪ್ರಮಾಣ ವಿಚಲನೆಯ ಅಂಕಗಳು ಸರಾಸರಿಗಿಂತ ಕೆಳಗಿದ್ದಾಗ ಋಣವಾಗುವುದರಿಂದ ಅವು ಈ ಗುಣಾಕಾರಕ್ಕೆ ಒಗ್ಗುವುದಿಲ್ಲ.

ಅನುದಾನ ಹಂಚಲು ಸೂಚ್ಯಂಕ ಕಟ್ಟುವವರು ಎರಡೂ ವಿಧಾನದಲ್ಲಿ ಲೆಕ್ಕ ಹಾಕಿ, ಯಾವ ತಾಲ್ಲೂಕುಗಳು ‘ಹಿಂದುಳಿದ’ ಗೆರೆಯ ಈಚೆಯಿಂದ ಆಚೆಗೆ ಹೋಗುತ್ತವೆ ಎಂಬ ಪಟ್ಟಿಯನ್ನು ವರದಿಯಲ್ಲೇ ಅಚ್ಚು ಹಾಕಬೇಕು. ಆ ಊರುಗಳ ಜನ ತಮ್ಮ ಪಾಲು ಯಾವ ಭಾಗಾಕಾರದಲ್ಲಿ ಹೋಯಿತೆಂದು ಕೇಳಲು ಆಗಲೇ ಸಾಧ್ಯ.