ಮೂವತ್ತೈದು ನಿಮಿಷದಲ್ಲಿ ಕೈತೋಟಕ್ಕೆ ಹೋಗಿ ಬರುವ ಪಾಠ: ಐದನೇ ತರಗತಿಯ ಪರಿಸರ ಅಧ್ಯಯನದ ಒಂದು ಪಾಠಯೋಜನೆ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಐದನೇ ತರಗತಿಗೆ ‘ಸಸ್ಯದ ಭಾಗಗಳು’ ಪಾಠ ಮಾಡಿದೆ. ಪಾಠಯೋಜನೆಯಲ್ಲಿ ‘ಕೈತೋಟದ ವೀಕ್ಷಣೆ, 15 ನಿಮಿಷ’ ಎಂದು ಒಂದೇ ಸಾಲು ಬರೆದಿದ್ದೆ. ಅವಧಿ ಮುಗಿದ ಗಂಟೆ ಹೊಡೆದಾಗ ಅರ್ಧ ಮಕ್ಕಳು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು, ಉಳಿದವರು ಚಿಟ್ಟೆ ನೋಡುತ್ತಿದ್ದರು. ವಿವರಣೆಯೂ ಇಲ್ಲ, ಮೌಲ್ಯಮಾಪನವೂ ಇಲ್ಲ. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಮಕ್ಕಳು ಏನನ್ನು ಹುಡುಕಲು ಹೋಗಿದ್ದರು?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲವನ್ನೂ ನೋಡಿಬರಲಿ ಎಂದಷ್ಟೇ ನಾನು ಕಳುಹಿಸಿದ್ದೆ.

ಅದೇ ಶಾಲೆಯ ಇನ್ನೊಂದು ವಿಭಾಗಕ್ಕೆ ಪಾಠ ಮಾಡುವಾಗ ಯೋಜನೆಯನ್ನು ಒಂದೇ ಪ್ರಶ್ನೆಯ ಸುತ್ತ ಕಟ್ಟಿದೆ: ಎಲೆಯನ್ನು ನೋಡಿ, ಮಣ್ಣಿನೊಳಗಿನ ಬೇರು ಹೇಗಿದೆ ಎಂದು ಹೇಳಬಹುದೇ? ಎಲೆಯ ನರಗಳು ಬಲೆಯಂತೆ ಹರಡಿದ್ದರೆ ಸಾಮಾನ್ಯವಾಗಿ ತಾಯಿಬೇರು, ಸಾಲುಗೆರೆಗಳಂತಿದ್ದರೆ ತಂತುಬೇರು. ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ಗಿಡ ಕಿತ್ತು ನೋಡಬೇಕು. ಊಹೆಯೊಂದು ಕೈಯಲ್ಲಿದ್ದರೆ ಮಕ್ಕಳು ಚಿಟ್ಟೆಯ ಹಿಂದೆ ಹೋಗುವುದು ಕಡಿಮೆ. ಪೂರ್ತಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಸಮಯವನ್ನು ಈ ಬಾರಿ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ. ಕೊನೆಯ 4 ನಿಮಿಷ ಮೌಲ್ಯಮಾಪನಕ್ಕೆ, ಅದಕ್ಕೂ ಮುಂಚಿನ 8 ನಿಮಿಷ ತರಗತಿಯಲ್ಲಿ ಚರ್ಚೆ ಮತ್ತು ಕಪ್ಪುಹಲಗೆಯ ಕೆಲಸಕ್ಕೆ. ಈ 12 ನಿಮಿಷವನ್ನು ಮುಟ್ಟಬಾರದು ಎಂದು ಮೊದಲೇ ತೆಗೆದಿಟ್ಟೆ. ಉಳಿದದ್ದು 23. ಅದರಲ್ಲಿ ಪೀಠಿಕೆಗೆ 4, ಸೂಚನೆ ಕೊಟ್ಟು ಹೊರಗೆ ಹೋಗಲು 3, ತೋಟದಲ್ಲಿ ನೋಡಲು 10, ಗಿಡ ಕಿತ್ತು ಬೇರು ನೋಡಲು 4, ಮರಳಿ ಬರಲು 2. ಹೋಗಿಬರುವ ಸಮಯವನ್ನು ಯೋಜನೆಯಲ್ಲಿ ಪ್ರತ್ಯೇಕವಾಗಿ ಬರೆಯದಿದ್ದದ್ದೇ ಮೊದಲ ಪಾಠದಲ್ಲಿ ನನ್ನನ್ನು ಕೆಡಿಸಿತ್ತು. ಹಿಂದಿನ ದಿನ ತರಗತಿಯ ಬಾಗಿಲಿನಿಂದ ತೋಟದವರೆಗೆ ನಡೆದು ಗಡಿಯಾರ ನೋಡಿಕೊಂಡೆ. ಒಬ್ಬಳೇ ನಡೆದರೆ ಒಂದು ನಿಮಿಷವೂ ಬೇಡ. 32 ಮಕ್ಕಳು ಚಪ್ಪಲಿ ಹಾಕಿಕೊಂಡು ಸಾಲಾಗಿ ಹೋಗಲು ಎರಡು ನಿಮಿಷ ಬೇಕು.

ಪೀಠಿಕೆಗೆ ಚಿತ್ರಪಟ ಬಳಸಲಿಲ್ಲ. ಒಂದು ಹರಿವೆ ಎಲೆ, ಒಂದು ಮುಸುಕಿನ ಜೋಳದ ಎಲೆ ಎತ್ತಿ ತೋರಿಸಿ, “ಇವೆರಡರಲ್ಲಿ ಗೆರೆಗಳು ಹೇಗೆ ಬೇರೆ?” ಎಂದು ಕೇಳಿದೆ. “ಒಂದು ಬಲೆ ಥರ, ಒಂದು ಕಾಪಿ ಪುಸ್ತಕದ ಗೆರೆ ಥರ” ಎಂದು ಒಬ್ಬ ಹುಡುಗ ಹೇಳಿದ. ಪಾಠ ಮುಗಿಯುವವರೆಗೂ ಆ ಎರಡು ಮಾತುಗಳನ್ನೇ ಬಳಸಿದೆವು. ಸಿರಾವಿನ್ಯಾಸ ಎಂಬ ಪದವನ್ನು ಮುಂದಿನ ತರಗತಿಯವರು ಕಲಿಸಲಿ. ಸೂಚನೆಗಳನ್ನು ತರಗತಿಯೊಳಗೇ ಮುಗಿಸಬೇಕು. ಬಯಲಿಗೆ ಬಂದ ಮೇಲೆ ಯಾರಿಗೂ ಕೇಳಿಸುವುದಿಲ್ಲ. ನಾಲ್ಕು ಮಕ್ಕಳ ಎಂಟು ಗುಂಪು, ಪ್ರತಿ ಗುಂಪಿಗೆ ಒಂದು ಹಾಳೆ. ಹಾಳೆಯಲ್ಲಿ ಮೂರು ಕಾಲಂ: ಎಲೆಯ ಗೆರೆಯ ಚಿತ್ರ, ಬೇರಿನ ಊಹೆ, ನಿಜವಾಗಿ ಕಂಡದ್ದು.

ತೋಟದಲ್ಲಿ ನಾಲ್ಕು ಕಡೆ ಕೋಲು ನೆಟ್ಟು ಸಂಖ್ಯೆ ಕಟ್ಟಿದ್ದೆ. ಒಂದೊಂದು ಕೋಲಿನ ಹತ್ತಿರ ಎರಡೆರಡು ಗುಂಪು. ಎರಡು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಮುಂದಿನ ಕೋಲಿಗೆ.

ಗಿಡಗಳ ಆಯ್ಕೆಗೆ ಯೋಜನೆ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಮೊದಲು ದಾಸವಾಳ ಎಂದುಕೊಂಡಿದ್ದೆ. ಎಲೆಯಲ್ಲಿ ಬಲೆ ಚೆನ್ನಾಗಿ ಕಾಣುತ್ತದೆ. ಆದರೆ ಶಾಲೆಗಳಲ್ಲಿ ದಾಸವಾಳವನ್ನು ಸಾಮಾನ್ಯವಾಗಿ ಕಡ್ಡಿ ನೆಟ್ಟು ಬೆಳೆಸುತ್ತಾರೆ. ಕಡ್ಡಿಯಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಕಾಂಡದಿಂದಲೇ ಹಲವು ಬೇರು ಹೊರಡುತ್ತವೆ. ಅದನ್ನು ಕಿತ್ತು ತೋರಿಸಿದರೆ ನಮ್ಮ ನಿಯಮವೇ ಸುಳ್ಳಾಗಿ ಕಾಣುತ್ತದೆ. ಹಾಗಾಗಿ ಬೀಜದಿಂದ ಹುಟ್ಟಿದ್ದೇ ಆಗಬೇಕು. ತೀರ ಎಳೆಯ ಸಸಿಯೂ ಬೇಡ, ಏಕೆಂದರೆ ಮೊಳಕೆಯೊಡೆದ ಮೊದಲ ದಿನಗಳಲ್ಲಿ ಜೋಳಕ್ಕೂ ಒಂದು ಬೇರೇ ಎದ್ದು ಕಾಣುತ್ತದೆ. ಕೊನೆಗೆ ಆರಿಸಿದ್ದು ಹರಿವೆ, ತುಂಬೆ, ಮಂಡಿಯೆತ್ತರಕ್ಕೆ ಬೆಳೆದಿದ್ದ ಮುಸುಕಿನ ಜೋಳ, ದಾರಿ ಬದಿಯ ಹುಲ್ಲಿನ ಒಂದು ಬುಡ. ಬೇಲಿಯ ಕಡೆ ಇದ್ದ ಕಾಂಗ್ರೆಸ್ ಗಿಡ ಮತ್ತು ಕಣಗಿಲೆಯ ಹತ್ತಿರ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿದೆ. ಮೊದಲನೆಯದರಿಂದ ಕೆಲವರಿಗೆ ಚರ್ಮದ ತುರಿಕೆ, ಎರಡನೆಯದು ವಿಷ.

ಬೇರು ಕೀಳುವುದು ನಾಲ್ಕು ನಿಮಿಷದ ಕೆಲಸವಾಗಬೇಕಾದರೆ ಹಿಂದಿನ ಸಂಜೆಯೇ ನೀರು ಹಾಕಿ ಮಣ್ಣು ನೆನೆಸಿರಬೇಕು. ಒಣ ಮಣ್ಣಿನಲ್ಲಿ ಎಳೆದರೆ ಹರಿವೆಯ ತಾಯಿಬೇರು ನಡುವೆ ತುಂಡಾಗುತ್ತದೆ, ಜೋಳದ ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿಯುತ್ತವೆ. ಆಗ ಎರಡೂ ಒಂದೇ ಥರದ ಮೋಟುಗಳಾಗಿ ಕಾಣುತ್ತವೆ. ಕುಡುಗೋಲಿನ ಹಿಡಿಯಿಂದ ಸುತ್ತಲಿನ ಮಣ್ಣು ಸಡಿಲಿಸಿ, ಬುಡ ಹಿಡಿದು ಎತ್ತಿ, ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿದೆ. ಕೀಳುವುದು ನಾನು, ತೊಳೆಯುವುದು ಗುಂಪಿನ ನಾಯಕರು. ತೊಳೆದ ಬೇರನ್ನು ಬಿಳಿ ಹಾಳೆಯ ಮೇಲೆ ಇಟ್ಟಾಗ ವ್ಯತ್ಯಾಸ ಹಿಂದಿನ ಸಾಲಿನವರಿಗೂ ಕಂಡಿತು.

ತರಗತಿಯಲ್ಲಿ ಎಂಟು ಗುಂಪುಗಳ ಊಹೆಯನ್ನೂ ಕಂಡದ್ದನ್ನೂ ಹಲಗೆಯ ಮೇಲೆ ಎದುರುಬದುರು ಬರೆದೆ. ಎರಡು ಗುಂಪು ತುಂಬೆಗೆ ತಂತುಬೇರು ಎಂದು ಊಹಿಸಿದ್ದವು; ಎಲೆ ಉದ್ದ, ಕಿರಿದು, ಅದಕ್ಕೆ. ಎಲೆಯ ಆಕಾರವನ್ನು ನೋಡಿದ್ದರು, ಗೆರೆಯನ್ನಲ್ಲ. ಆ ತಪ್ಪಿನ ಮೇಲೆಯೇ ಚರ್ಚೆಯ ಎಂಟು ನಿಮಿಷದಲ್ಲಿ ಅರ್ಧ ಹೋಯಿತು, ಹೋಗಬೇಕಾದದ್ದೂ ಹಾಗೆಯೇ. ಮೌಲ್ಯಮಾಪನಕ್ಕೆ ಅವರು ತೋಟದಲ್ಲಿ ನೋಡದ ಬಾಳೆ ಎಲೆಯ ಒಂದು ತುಂಡು ಕೊಟ್ಟು ಬೇರು ಊಹಿಸಲು ಹೇಳಿದೆ. ಬಾಳೆಯಲ್ಲಿ ಗೆರೆಗಳು ನಡುದಿಂಡಿನಿಂದ ಅಂಚಿನ ಕಡೆಗೆ ಹೋಗುತ್ತವೆ, ಜೋಳದಲ್ಲಿ ಎಲೆಯ ಉದ್ದಕ್ಕೆ. ಕೆಲವರು ಗೊಂದಲಗೊಂಡರೂ, ಒಂದರ ಪಕ್ಕ ಒಂದು ಸಾಲಾಗಿ ಇವೆ ಎಂಬುದನ್ನು ಹೆಚ್ಚಿನವರು ಗುರುತಿಸಿದರು.

ಗಂಟೆಗೆ ಒಂದು ನಿಮಿಷ ಬಾಕಿ ಇದ್ದಾಗ ಒಬ್ಬಳು ಕೇಳಿದಳು: “ಮಿಸ್, ನಲ್ಲಿ ಹತ್ರ ಕೆಸು ಇದೆಯಲ್ಲ, ಅದರ ಎಲೇಲಿ ಬಲೆ ಇದೆ. ಅದಕ್ಕೂ ತಾಯಿಬೇರಾ?” ಹೌದು ಎಂದುಬಿಟ್ಟೆ. ಮರುದಿನ ಅವಳು ಮನೆಯ ಹಿತ್ತಲಿನ ಕೆಸುವನ್ನು ಗಡ್ಡೆ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಗಡ್ಡೆಯ ಸುತ್ತ ಬೇರಿನ ಗೊಂಚಲು, ತಾಯಿಬೇರು ಎಲ್ಲೂ ಇಲ್ಲ. ಕೆಸು ಏಕದಳ ಸಸ್ಯ, ಅದರ ಎಲೆಯಲ್ಲಿ ಬಲೆ ಇರುವುದು ಅಪವಾದ ಎಂದು ಪದವಿಯಲ್ಲಿ ಓದಿದ್ದರೂ ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. “ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ತರಗತಿಯಲ್ಲಿ ಹೇಳಿ, ಗಡ್ಡೆಯನ್ನು ಎಲ್ಲರಿಗೂ ತೋರಿಸಿದೆ. ಕೆಸು ಮುಟ್ಟಿದ ಅವಳ ಕೈ ತುರಿಸುತ್ತಿತ್ತು, ಹುಣಸೆಹಣ್ಣು ಉಜ್ಜಿಕೊಂಡು ಬಂದಿದ್ದಳು.

ಕಲಿಕಾ ಫಲದಲ್ಲಿ ‘ಎಲೆಯ ಗೆರೆ ನೋಡಿ ಬೇರಿನ ವಿಧ ಹೇಳುವರು’ ಎಂದಿದ್ದದ್ದನ್ನು ‘ಹೆಚ್ಚಿನ ಗಿಡಗಳಲ್ಲಿ ಬೇರಿನ ವಿಧ ಊಹಿಸುವರು, ಕಿತ್ತು ಪರೀಕ್ಷಿಸುವರು’ ಎಂದು ತಿದ್ದಿದ್ದೇನೆ. ಕೆಸುವನ್ನು ಐದನೇ ಕೋಲು ಮಾಡಿಲ್ಲ, ಸಮಯ ಸಾಲದು. ಮುಂದಿನ ಅವಧಿಯ ಪೀಠಿಕೆಗೆ ಅದನ್ನು ಇಟ್ಟುಕೊಂಡಿದ್ದೇನೆ.