ಮಗುವಿಗೂ ಇರಲಿ ಲೈಬ್ರರಿ ಕಾರ್ಡು

ರಜೆ ಬಂದರೆ ಸಾಕು, ‘ಅಮ್ಮಾ, ಬೋರು’ ಅನ್ನೋ ರಾಗ ಶುರು. ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಮಕ್ಕಳನ್ನು ಸೇರಿಸೋಣ ಅಂತ ಹೊರಟಿದ್ದೀರಾ? ಹಾಗಿದ್ದರೆ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲೇ ಗುರುತು ಹಾಕಿಕೊಳ್ಳಿ.

ಒಳಗೆ ಕೂತು ಓದಲು ಸದಸ್ಯರಾಗಬೇಕಿಲ್ಲ, ದುಡ್ಡೂ ಬೇಡ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಶೇ 6ರಷ್ಟು ಗ್ರಂಥಾಲಯ ಕರ ಹೋಗಿರುತ್ತದೆ. ಪುಸ್ತಕ ಮನೆಗೆ ತರಬೇಕಾದರೆ ಮಾತ್ರ ಸದಸ್ಯತ್ವ ಬೇಕು. ಅದಕ್ಕೆ ಠೇವಣಿ ಇಡಬೇಕು. ಸದಸ್ಯತ್ವ ಬಿಡುವಾಗ ಅದು ವಾಪಸ್ ಬರುತ್ತದೆ, ಹಾಗಾಗಿ ರಸೀದಿ ಜೋಪಾನ. ಪುಸ್ತಕ ಕಳೆದರೆ ಅದರ ಬೆಲೆ ನೀವೇ ತುಂಬಬೇಕು.

ನಿಮ್ಮದೊಂದೇ ಕಾರ್ಡು ಸಾಕು ಅಂದುಕೊಳ್ಳಬೇಡಿ. ಒಂದು ಕಾರ್ಡಿಗೆ ಎರಡು ಪುಸ್ತಕ ಅಂತಿಟ್ಟುಕೊಳ್ಳಿ. ನಿಮ್ಮ ಕಾದಂಬರಿ ಒಂದು, ದೊಡ್ಡವಳ ಕಥೆ ಪುಸ್ತಕ ಒಂದು ಆದರೆ ಚಿಕ್ಕವನ ಕೈ ಖಾಲಿ! ಅದಕ್ಕೇ ಮಕ್ಕಳ ಸದಸ್ಯತ್ವ ಬೇರೆ ಇದೆಯೇ, ಅದಕ್ಕೆ ಠೇವಣಿ ಎಷ್ಟು, ಪುಸ್ತಕ ಎಷ್ಟು ಎಂದು ಕೇಳಿ. ಮಗುವಿನ ಅರ್ಜಿಗೆ ಸಹಿ ನಿಮ್ಮದೇ. ಪುಸ್ತಕ ಹರಿದರೆ ಹೊಣೆಯೂ ನಿಮ್ಮದೇ. ಭಾವಚಿತ್ರ, ವಿಳಾಸದ ದಾಖಲೆ, ಮಗುವಿನ ಶಾಲಾ ಗುರುತಿನ ಚೀಟಿ ಜೊತೆಗಿಟ್ಟುಕೊಂಡು ಹೋದರೆ ಎರಡನೇ ಸಲ ಓಡಾಡೋದು ತಪ್ಪುತ್ತದೆ.

ಹೆಚ್ಚಿನವರು ಎಡವುವುದು ನವೀಕರಣದಲ್ಲಿ. ವಾಯಿದೆ 15 ದಿನ, ನವೀಕರಣ ಒಂದೇ ಸಲ ಅನ್ನೋಣ. ಏಪ್ರಿಲ್ 8ರಂದು ತಂದ ಪುಸ್ತಕವನ್ನು 23ಕ್ಕೆ ಕೊಡಬೇಕು. ‘ಹೇಗೂ ಬಂದಿದ್ದೀನಿ’ ಅಂತ 15ನೇ ತಾರೀಖೇ ನವೀಕರಿಸಿದಿರಿ. ಹೊಸ ವಾಯಿದೆಯನ್ನು ಅವತ್ತಿನಿಂದಲೇ ಎಣಿಸಿದರೆ ನಿಮಗೆ ಸಿಗುವುದು 30ರವರೆಗೆ ಮಾತ್ರ. 23ಕ್ಕೆ ಹೋಗಿದ್ದರೆ ಮೇ 8ರವರೆಗೆ ಇರುತ್ತಿತ್ತು. ಎಂಟು ದಿನ ಕೈತಪ್ಪಿದ ಹಾಗೆ! ಎಣಿಕೆ ಯಾವತ್ತಿನಿಂದ, ಎಷ್ಟು ಸಲ ನವೀಕರಿಸಬಹುದು, ಪುಸ್ತಕ ತೆಗೆದುಕೊಂಡು ಹೋಗಲೇಬೇಕಾ ಎಂಬುದನ್ನು ಮೊದಲ ದಿನವೇ ವಿಚಾರಿಸಿ. ಅದೇ ಪುಸ್ತಕಕ್ಕೆ ಬೇರೆಯವರು ಹೆಸರು ಬರೆಸಿದ್ದರೆ ನವೀಕರಣ ಸಿಗದೆಯೂ ಇರಬಹುದು.

ಇನ್ನು ಮೇ ಪೂರ್ತಿ ಅಜ್ಜಿ ಮನೆಯಲ್ಲಿ ಅಂತಾದರೆ? ನವೀಕರಿಸಿದರೂ ವಾಯಿದೆ ಸಾಲದು, ದಿನದ ಲೆಕ್ಕದಲ್ಲಿ ದಂಡ ಏರುತ್ತದೆ. ಬಸ್ಸು ಹತ್ತುವ ಮೊದಲೇ ಪುಸ್ತಕಗಳನ್ನು ಹಿಂದಿರುಗಿಸಿಬಿಡಿ. ಊರಿನಲ್ಲಿ ಓದಿಗೆ ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಗ್ರಂಥಾಲಯ ಇದೆ. ಮೊಬೈಲ್ ನಂಬರ್ ಕೊಟ್ಟು ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಇದು ಕೌಂಟರಿನ ಕಾರ್ಡಿಗಿಂತ ಬೇರೆ, ಅದಕ್ಕೆ ಠೇವಣಿ ಇಲ್ಲ. ಇಲ್ಲಿ ಓದಿದ್ದು ಆ ಕಾರ್ಡಿನ ಲೆಕ್ಕಕ್ಕೂ ಸೇರುವುದಿಲ್ಲ. ಅಜ್ಜಿ ಊರಲ್ಲಿ ನೆಟ್‌ವರ್ಕ್ ಸಿಗುತ್ತಾ ಅನ್ನೋದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಲಾಗಿನ್ ಆಗುವ ವಿಧಾನವನ್ನು ಮನೆಯಲ್ಲೇ ಒಮ್ಮೆ ನೋಡಿಕೊಂಡಿರಿ.

ಕೊನೆಯದಾಗಿ, ಪುಸ್ತಕದೊಳಗೆ ಅಂಟಿಸಿದ ಚೀಟಿಯಲ್ಲಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಾಲಿನ ಲೆಕ್ಕದ ಪಕ್ಕದಲ್ಲೇ ಇದ್ದರೆ ಮರೆಯೋಕೆ ಸಾಧ್ಯವೇ ಇಲ್ಲ!